ಅಣ್ಣ ಓದಿ ಹೇಳಿದ ಆರಂಕಿ

ನಮ್ಮ ಅತ್ತಿಗೆಯ ಮುಖ ಇಂಟರ್‌ನೆಟ್ಟಿನಲ್ಲಿ ಎಲ್ಲೂ ಸಿಗುವುದಿಲ್ಲ. ಬೇಕಾದರೆ ಹುಡುಕಿ ನೋಡಿ. ಸಿಗುವುದು ಎರಡು ಕೈ, ಒಂದು ದೊಡ್ಡ ಕತ್ತರಿ, ಕಂದು ಕಾಗದ, ಕುತ್ತಿಗೆಯಿಂದ ಜೋತುಬಿದ್ದ ಅಳತೆ ಟೇಪು. ಮಾತು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಅಷ್ಟನ್ನೇ ನೋಡೋಕೆ ಇಪ್ಪತ್ತೆರಡು ಸಾವಿರ ಜನ ಅವರ ಪೇಜಿಗೆ ಬರುತ್ತಾರೆ. ಅಲ್ಲಿ ಅವರ ಹೆಸರು ‘ಅಳತೆ ಅಕ್ಕ’. ಮುಖ ತೋರಿಸಿ ಅಂತ ನಾನು ನೂರು ಸಲ ಹೇಳಿದ್ದೆ. "ಬಟ್ಟೆ ಹೊಲಿಯೋದು ಕೈ ತಾನೇ, ಮುಖ ಯಾಕೆ?" ಅಂದು ನನ್ನ ಬಾಯಿ ಮುಚ್ಚಿಸಿದ್ದರು.

ಅವರು ಬಟ್ಟೆ ಹೊಲಿದು ಮಾರುವುದಿಲ್ಲ. ಪೇಪರ್ ಕಟಿಂಗ್ ಮಾಡಿ ಮಾರುತ್ತಾರೆ. ಅಂದರೆ ಅಂಗಿಯ ಮುಂಭಾಗ, ಹಿಂಭಾಗ, ತೋಳು, ಕಾಲರು, ಎಲ್ಲವನ್ನೂ ಆ ಒಬ್ಬ ಮನುಷ್ಯನ ಅಳತೆಗೆ ಕಾಗದದಲ್ಲಿ ಕತ್ತರಿಸಿ, ಮಡಿಸಿ, ಕವರಿನಲ್ಲಿ ಹಾಕಿ ಕಳಿಸುವುದು. ಆ ಕಾಗದವನ್ನು ಬಟ್ಟೆಯ ಮೇಲೆ ಇಟ್ಟು ಯಾವ ಟೈಲರ್ ಬೇಕಾದರೂ ಹೊಲಿಯಬಹುದು. ಇದರಲ್ಲಿ ಏನು ದೊಡ್ಡಸ್ತಿಕೆ ಅನ್ನುವವರು ಒಂದು ನಿಮಿಷ ತಾಳಿ. ಅತ್ತಿಗೆ ಹತ್ತಿರ ಬರುವವರೆಲ್ಲ ರೆಡಿಮೇಡ್ ಅಂಗಡಿಯಿಂದ ಬರಿಗೈಯಲ್ಲಿ ವಾಪಸು ಬಂದವರು. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡ ಇರುವವರು, ಗಾಲಿಕುರ್ಚಿಯಲ್ಲಿ ಕೂತೇ ಇರುವವರು, ಆಪರೇಷನ್ ಆಗಿ ಮೈಯ ಆಕಾರವೇ ಬದಲಾದವರು. ಟ್ರಯಲ್ ರೂಮಿನ ಕನ್ನಡಿ ಮುಂದೆ ಅತ್ತು ಹೊರಗೆ ಬಂದವರು. ಅವರು ತಮ್ಮ ಅಳತೆ, ಜೊತೆಗೆ ಮುಂದೆ ಹಿಂದೆ ಪಕ್ಕದಿಂದ ತೆಗೆದ ಫೋಟೋ, ಎಲ್ಲವನ್ನೂ ಪೇಜಿನ ಮೆಸೇಜಿನಲ್ಲಿ ಕಳಿಸುತ್ತಾರೆ. ಅತ್ತಿಗೆ ಆ ಫೋಟೋಗಳನ್ನು ನನಗೂ ತೋರಿಸಿದವರಲ್ಲ. ನಾನು ಆ ಕಡೆ ಬಗ್ಗಿದರೆ ಫೋನು ಬೋರಲು ಹಾಕುತ್ತಿದ್ದರು.

ನಾನು ಅವರ ನಾದಿನಿ. ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ. ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ಕವರಿಗೆ ವಿಳಾಸ ಬರೆಯುವುದು, ಅಂಚೆಗೆ ಹಾಕುವುದು ನನ್ನದು. ನನ್ನ ಬಾಯಿ ಸ್ವಲ್ಪ ಜೋರು, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಈಗ ಹೇಳುವುದರಲ್ಲಿ ಎಲ್ಲಾದರೂ ಸಿಡುಕಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಧ ಸಿಡುಕು ನನ್ನ ಮೇಲೇ ಇದೆ.

ಪೇಜು ಶುರು ಮಾಡಿದಾಗ ಅತ್ತಿಗೆ ಹತ್ತಿರ ಸ್ವಂತ ನಂಬರ್ ಇರಲಿಲ್ಲ. ನನ್ನ ಹಳೇ ಫೋನು, ಮನೆಯ ವೈಫೈ, ಅಷ್ಟೇ. ಅದಕ್ಕೆ ನಾನೇ ಕೂತು ಅಣ್ಣನ ನಂಬರ್ ಕೊಟ್ಟು ಅಕೌಂಟು ಮಾಡಿದೆ. ಒಂದು ಇಮೇಲ್ ಕೂಡ ಮಾಡಿದೆ, ಅದಕ್ಕೂ ಅಣ್ಣನ ನಂಬರ್. ಆಮೇಲೆ ಯಾರೋ ಹೇಳಿದರು ಅಂತ ಎರಡು ಹಂತದ ಭದ್ರತೆಯನ್ನೂ ಆನ್ ಮಾಡಿದೆ. ಪಾಸ್‌ವರ್ಡ್ ಹಾಕಿದ ಮೇಲೆ ಆರಂಕಿಯ ಕೋಡು ಬರಬೇಕು, ಅದನ್ನೂ ಹಾಕಿದರೆ ಮಾತ್ರ ಬಾಗಿಲು ತೆಗೆಯುವುದು. ಕೋಡು ಎಲ್ಲಿಗೆ ಬರುತ್ತಿತ್ತು? ಅಣ್ಣನ ಜೇಬಿಗೆ. ಪಾಸ್‌ವರ್ಡ್ ಮರೆತರೆ ಹೊಸದು ಮಾಡೋಕೆ ಬೇಕಾದ ಕೋಡು? ಅದೂ ಅಣ್ಣನ ಜೇಬಿಗೇ. ಎರಡು ಬೀಗ ಹಾಕಿ ಎರಡರ ಕೀಲಿಯನ್ನೂ ಒಂದೇ ಮೊಳೆಗೆ ನೇತುಹಾಕಿದ ಹಾಗೆ. ಮಾಡಿದ ಮಹಾತಾಯಿ ನಾನೇ. ಮಾಡಿ ಮುಗಿಸಿ ದೊಡ್ಡ ಕೆಲಸ ಮಾಡಿದೆ ಅಂತ ಮೂಗು ಮೇಲೆತ್ತಿಕೊಂಡು ಓಡಾಡಿದೆ.

ಅಣ್ಣ ಲೇತ್ ಮೆಷಿನ್ ನಡೆಸುತ್ತಾನೆ. ಕಬ್ಬಿಣ ಕಿರುಚುವ ಶೆಡ್ಡು ಅದು. ಅತ್ತಿಗೆ ಹೊಸದಾಗಿ ಲಾಗಿನ್ ಆಗಬೇಕಾದಾಗ ಅವನಿಗೆ ಫೋನು ಮಾಡುತ್ತಿದ್ದರು. ಅವನು ಶೆಡ್ಡಿನ ಹೊರಗೆ ಬಂದು ಒಂದೊಂದೇ ಅಂಕಿಯನ್ನು ಗಂಟಲು ಹರಿಯುವ ಹಾಗೆ ಓದುತ್ತಿದ್ದ, ಎರಡೆರಡು ಸಲ. ಅತ್ತಿಗೆಗೆ ಪುರುಸೊತ್ತಿಲ್ಲದಿದ್ದರೆ ನಾನು ಫೋನು ಮಾಡುತ್ತಿದ್ದೆ, ನನಗೂ ಓದುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು. ಅವನಿಗೆ ಅದೊಂದು ಹೆಮ್ಮೆ. ಹೆಂಡತಿಯ ವ್ಯಾಪಾರದಲ್ಲಿ ತನ್ನದೂ ಒಂದು ಕೈಯಿದೆ ಅಂತ ಜೊತೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದ. ಕೋಡನ್ನು ಯಾರಿಗೂ ಹೇಳಬೇಡಿ ಅಂತ ಅದೇ ಮೆಸೇಜಿನಲ್ಲೇ ಬರೆದಿರುತ್ತದೆ. ಅವನು ಅಂಕಿ ಓದಿ ನಿಲ್ಲಿಸುತ್ತಿದ್ದ, ಮುಂದಿನದನ್ನು ಓದಿದವನೇ ಅಲ್ಲ.

ನಡುವೆ, ಮೂರನೇ ವರ್ಷ ಮುಗಿಯುವಾಗ, ಅತ್ತಿಗೆ ಸ್ವಂತ ನಂಬರ್ ತಗೊಂಡರು, ಒಳ್ಳೆಯ ಫೋನೂ ಬಂತು. ಪೇಜಿಗೆ ಆ ನಂಬರ್ ಹಾಕೋಣ, ಕೋಡು ಫೋನಿನೊಳಗೇ ಹುಟ್ಟುವ ಆ್ಯಪ್ ಹಾಕೋಣ, ಆಗ ಯಾರನ್ನೂ ಕೇಳೋ ಗೋಜೇ ಇಲ್ಲ ಅಂತ ನಾನು ವರ್ಷವಿಡೀ ಬಾಯಿ ಬಡಿದುಕೊಂಡೆ. ಈ ಆರ್ಡರ್ ಮುಗೀಲಿ, ಆ ಆರ್ಡರ್ ಮುಗೀಲಿ ಅಂದರು. ಹತ್ತು ನಿಮಿಷದ ಕೆಲಸ. ನಾನಾದರೂ ಕೈಯಿಂದ ಫೋನು ಕಿತ್ತುಕೊಂಡು ಮಾಡಿದೆನಾ? ಇಲ್ಲ. ಬರೀ ಬಾಯಿ.

ಈಗ ಗಣಿತದ ಮೇಡಂ ವಿಷಯ ಹೇಳಬೇಕು. ಯಾವುದೋ ದೂರದ ಊರಿನ ಶಾಲೆಯಲ್ಲಿ ಪಾಠ ಮಾಡುವವರು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿ ಒಂದು ಕಡೆ ತೆಗೆದಿದ್ದರು. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಬೆನ್ನುನೋವಿಗೆ ರಜೆ ಅಂತ ಹೇಳಿ ಬಂದಿದ್ದರಂತೆ. ಬೋರ್ಡಿನ ಮೇಲೆ ಕೈಯೆತ್ತಿ ಬರೆಯುವಾಗ ಅಂಗಿ ಒಂದು ಕಡೆಗೆ ಎಳೆದುಕೊಂಡು ಹೋಗುತ್ತಿತ್ತು, ಮಕ್ಕಳ ಕಣ್ಣು ಬಹಳ ಚುರುಕು. ಅತ್ತಿಗೆಗೆ ಮೆಸೇಜು ಮಾಡಿ, ಮೂರು ದಿನ ಯೋಚಿಸಿ, ಆಮೇಲೆ ಫೋಟೋ ಕಳಿಸಿದ್ದರು. ಕಳಿಸುವ ಮುಂಚೆ ಇದು ಬೇರೆ ಯಾರ ಕಣ್ಣಿಗೂ ಬೀಳಲ್ಲ ತಾನೇ ಅಂತ ಕೇಳಿದ್ದರು. ನನ್ನ ಕಣ್ಣು ಬಿಟ್ಟು ಯಾರದ್ದೂ ಇಲ್ಲ ಅಂತ ಅತ್ತಿಗೆ ಬರೆದಿದ್ದರು. ಮೊದಲ ಅಂಗಿ ಸರಿಹೋಯಿತು. ಆಮೇಲೆ ಮೂರು ಅಂಗಿ, ಈಗ ಒಂದು ಕೋಟು. ಫೋಟೋಗಳು ಮಾತ್ರ ಆ ಮೆಸೇಜಿನ ಪೆಟ್ಟಿಗೆಯಲ್ಲೇ ಬಿದ್ದಿದ್ದವು. ಅಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆ ಸೋಮವಾರ ಬೆಳಗ್ಗೆ ನಾನು ಕ್ಲಿನಿಕ್ಕಿನಲ್ಲಿದ್ದೆ. ನಡೆದದ್ದನ್ನು ಆಮೇಲೆ ಅತ್ತಿಗೆ, ಅಣ್ಣ ಇಬ್ಬರನ್ನೂ ಕೂರಿಸಿ ಕೇಳಿ ಜೋಡಿಸಿದ್ದು ಇದು.

ಒಬ್ಬ ನಾಟಕ ತಂಡದ ಮ್ಯಾನೇಜರ್ ಅಂತ ಮೆಸೇಜು ಮಾಡಿದ್ದ. ಮೂವತ್ತು ವೇಷಕ್ಕೆ ಪೇಪರ್ ಕಟಿಂಗ್ ಬೇಕು ಅಂತ. ಅಳತೆಗಳ ಪಟ್ಟಿ ಕಳಿಸಿದ್ದ, ಎದೆ ಸುತ್ತಳತೆ, ತೋಳುದ್ದ ಎಲ್ಲ ಸರಿಯಾಗಿತ್ತು, ಅತ್ತಿಗೆಗೆ ನಂಬಿಕೆ ಬಂತು. ಮುಂಗಡ ಕಳಿಸ್ತೀನಿ ಅಂತ ಒಂದು ಲಿಂಕು ಹಾಕಿದ. ದುಡ್ಡು ನಿಮ್ಮ ಖಾತೆಗೆ ಬರಬೇಕಾದರೆ ಇದನ್ನು ಒತ್ತಿ ಪಿನ್ ಹಾಕಿ ಅಂದ. ಅತ್ತಿಗೆ ಇಲ್ಲಿ ಜಾಣೆ. ಪಿನ್ ಹಾಕೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಯಾವ ಪಿನ್ನೂ ಬೇಡ, ನಾನೇ ನನ್ನ ಲಿಂಕ್ ಕಳಿಸ್ತೀನಿ, ಅದಕ್ಕೆ ಹಾಕಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅವನು ಕ್ಷಮೆ ಕೇಳಿದ. ಅಕೌಂಟ್ಸಿನವರು ತಪ್ಪು ಕಳಿಸಿದ್ದಾರೆ ಮೇಡಂ, ನಿಮ್ಮ ಹಾಗೆ ಹುಷಾರಾಗಿರೋರು ಕಡಿಮೆ ಅಂದ. ಆ ಬೆಣ್ಣೆ ಮಾತಿಗೆ ಅತ್ತಿಗೆ ಉಬ್ಬಿದರು. ಮೋಸ ಬಂತು, ತಡೆದೆ, ಮುಗಿಯಿತು ಅಂದುಕೊಂಡರು. ಒಂದು ಸಲ ಗೆದ್ದ ಮೇಲೆ ಮನುಷ್ಯ ಎಷ್ಟು ಸಡಿಲ ಆಗ್ತಾನೆ ನೋಡಿ.

ಅರ್ಧ ಗಂಟೆ ಬಿಟ್ಟು ಅವನೇ ವಿಡಿಯೋ ಕಾಲ್ ಮಾಡಿದ. ನಿಮ್ಮ ಲಿಂಕಿಗೆ ದುಡ್ಡು ಹಾಕಿದೆ, ನಿಮ್ಮ ಪೇಜು ವ್ಯಾಪಾರದ ಪೇಜು ಅಂತ ದೃಢವಾಗಿಲ್ಲ, ಅದಕ್ಕೆ ನಡುವೆ ಸಿಕ್ಕಿಕೊಂಡಿದೆ, ನಿಮ್ಮ ಸ್ಕ್ರೀನ್ ಶೇರ್ ಮಾಡಿ, ಯಾವ ಬಟನ್ ಅಂತ ತೋರಿಸ್ತೀನಿ ಅಂದ. ಕೋಡು ಗೀಡು ಏನೂ ನನಗೆ ಹೇಳಬೇಡಿ ಮೇಡಂ, ನಾನು ಕೇಳೋದೂ ಇಲ್ಲ ಅಂತ ಸೇರಿಸಿದ. ಅತ್ತಿಗೆ ಒಪ್ಪಿದರು. ಕೊಡ್ತಿರೋದು ಏನೂ ಇಲ್ಲ, ಬರೀ ತೋರಿಸ್ತಿದ್ದೀನಿ ಅನ್ನುವುದು ಅವರ ಲೆಕ್ಕ.

ಸ್ಕ್ರೀನ್ ಶೇರ್ ಅಂದರೆ ನಮ್ಮ ಫೋನಿನಲ್ಲಿ ಕಾಣುವುದೆಲ್ಲ ಅವನ ಫೋನಿನಲ್ಲೂ ಕಾಣುತ್ತದೆ, ಅಷ್ಟೇ. ಅಷ್ಟೇ ಸಾಕಾಗಿತ್ತು. ಮೆಸೇಜು ತೆಗೀರಿ ಅಂದ, ತೆಗೆದರು, ಯಾರ್‍ಯಾರು ಏನೇನು ಕಳಿಸುತ್ತಾರೆ ಅಂತ ಕಂಡಿತು. ಸೆಟ್ಟಿಂಗ್ಸಿಗೆ ಹೋಗಿ ಅಂದ, ಹೋದರು, ಇಮೇಲ್ ವಿಳಾಸ ಕಂಡಿತು, ಅಣ್ಣನ ಪೂರ್ತಿ ನಂಬರ್ ಕಂಡಿತು. ಆಮೇಲೆ ಸರ್ವರ್ ನಿಧಾನ ಇದೆ, ಕಾಲ್ ಕಟ್ ಮಾಡಬೇಡಿ, ಹಾಗೇ ಇರಿ ಅಂದ. ಅತ್ತಿಗೆ ಇಪ್ಪತ್ತು ನಿಮಿಷ ಹಾಗೇ ಇದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಾಕ್‌ಪೀಸು.

ಅದೇ ಹೊತ್ತಿಗೆ ಶೆಡ್ಡಿನಲ್ಲಿ ಅಣ್ಣನಿಗೆ ಒಬ್ಬಳ ಫೋನು. ‘ಅಳತೆ ಅಕ್ಕ’ ಪೇಜಿನ ಸಹಾಯ ವಿಭಾಗದಿಂದ ಮಾತಾಡ್ತಿದ್ದೀವಿ, ನಿಮ್ಮ ಮನೆಯವರು ನಮ್ಮ ಜೊತೆ ಲೈನಿನಲ್ಲಿದ್ದಾರೆ, ನಿಮಗೊಂದು ಕೋಡು ಬಂದಿದೆಯಂತೆ, ಓದಿ ಹೇಳೋಕೆ ಹೇಳಿದರು ಅಂತ. ಅಣ್ಣ ಪೂರ್ತಿ ಪೆದ್ದನಲ್ಲ. ಅತ್ತಿಗೆಗೆ ಫೋನು ಮಾಡಿದ. ಬಿಝಿ ಬಂತು. ಸರಿ, ಲೈನಿನಲ್ಲಿರುವುದು ನಿಜ ಅಂತಾಯಿತು. ಅವನು ಹೊರಗೆ ಬಂದು, ನಾಲ್ಕು ವರ್ಷದಿಂದ ಮಾಡಿದ ಹಾಗೇ, ಆರಂಕಿಯನ್ನು ಸ್ಪಷ್ಟವಾಗಿ ಎರಡು ಸಲ ಓದಿದ. ಅದು ಪಾಸ್‌ವರ್ಡ್ ಬದಲಿಸುವ ಕೋಡು. ಎರಡು ನಿಮಿಷಕ್ಕೆ ಇನ್ನೊಂದು ಬಂತು, ಅದನ್ನೂ ಓದಿದ. ಅದು ಒಳಗೆ ಹೋಗುವ ಕೋಡು. ಮೂರನೆಯದಕ್ಕೆ ಅವಳು ಮತ್ತೆ ಫೋನು ಮಾಡಿದಾಗ ಮೇಸ್ತ್ರಿ ಬೈದು ಒಳಗೆ ಕರೆದ, ಆಮೇಲೆ ಮಾಡಿ ಅಂತ ಅಣ್ಣ ಇಟ್ಟುಬಿಟ್ಟ. ಆ ಮೂರನೆಯದು ಇಮೇಲಿನ ಕೋಡು ಅಂತ ಆಮೇಲೆ ಗೊತ್ತಾಯಿತು. ನಮ್ಮ ಮನೆತನದ ಬುದ್ಧಿವಂತಿಕೆ ಅಲ್ಲ, ಮೇಸ್ತ್ರಿಯ ಬೈಗುಳ ಅದನ್ನು ಉಳಿಸಿತು.

ನಾನು ಎರಡು ಗಂಟೆಗೆ ಮನೆಗೆ ಬಂದಾಗ ಅತ್ತಿಗೆ ಕಟಿಂಗ್ ಟೇಬಲ್ಲಿನ ಮುಂದೆ ನಿಂತಿದ್ದರು. ಪೇಜು ಅವರನ್ನೇ ಹೊರಗೆ ಹಾಕಿತ್ತು. ಪಾಸ್‌ವರ್ಡ್ ತಪ್ಪು ಅನ್ನುತ್ತಿತ್ತು. ಗಿರಾಕಿಗಳಿಗೆ ‘ಅಳತೆ ಅಕ್ಕ’ನ ಹೆಸರಲ್ಲೇ ಮೆಸೇಜು ಹೋಗುತ್ತಿತ್ತು, ಆಸ್ಪತ್ರೆಯಲ್ಲಿದ್ದೀನಿ, ಈ ಲಿಂಕಿಗೆ ಸ್ವಲ್ಪ ದುಡ್ಡು ಹಾಕಿ ಅಂತ. ಅತ್ತಿಗೆಯ ಫೋನಿಗೆ ಬೇರೆ ನಂಬರಿನಿಂದ ಒಂದು ಸಾಲು ಬಂದಿತ್ತು: ಐವತ್ತು ಸಾವಿರ ಕೊಡು, ಇಲ್ಲದಿದ್ದರೆ ನಿನ್ನ ಗಿರಾಕಿಗಳ ಫೋಟೋಗಳನ್ನೆಲ್ಲ ಪೇಜಿನಲ್ಲಿ ಹಾಕ್ತೀವಿ. ಕೆಳಗೆ ಮಾದರಿಗೆ ಒಂದು ಫೋಟೋ. ಅದನ್ನು ಅತ್ತಿಗೆ ಬೆರಳಿನಿಂದ ಮುಚ್ಚಿ ಹಿಡಿದಿದ್ದರು, ಯಾರದ್ದು ಅಂತ ಹೇಳಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಅಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಎಲ್ಲ ಕೇಳಿ, "ನೀನೇ ತಾನೇ ನನ್ನ ನಂಬರ್ ಹಾಕಿದ್ದು?" ಅಂದ. ನಾನು ಫೋನು ಇಟ್ಟು ಬ್ಯಾಂಕಿನ ಕಾರ್ಡು ಹುಡುಕೋಕೆ ಹೋದೆ.

ಮೊದಲು ಬ್ಯಾಂಕು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಹಾಯವಾಣಿಯ ಹೆಸರಲ್ಲೂ ಕಳ್ಳರೇ ಕೂತಿರುತ್ತಾರೆ ಅಂತ, ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೇ ಮಾಡಿದೆವು. ಪಿನ್ ಎಲ್ಲೂ ಹಾಕಿರಲಿಲ್ಲ, ದುಡ್ಡು ಹೋಗಿರಲಿಲ್ಲ. ಆದರೂ ಪಿನ್ ಬದಲಾಯಿಸಿ, ಕೆಲವು ದಿನ ಖಾತೆಯಿಂದ ದುಡ್ಡು ಹೋಗದ ಹಾಗೆ ತಡೆ ಹಾಕಿಸಿದೆವು. ಆಮೇಲೆ ಸೈಬರ್ ಪೊಲೀಸರು. ಅಲ್ಲಿ ಒಬ್ಬ ದಫೇದಾರರು ಸಿಕ್ಕಿದರು, ಒಳ್ಳೆಯವರು, ಆದರೆ ಅವರ ಕಂಪ್ಯೂಟರು ನಮ್ಮ ದೂರನ್ನು ಮೂರು ಸಲ ನುಂಗಿ ಮೂರು ಸಲ ಉಗುಳಿತು. ಒಂದು ಕಾಸೂ ಕೊಡಬೇಡಿ, ಕೊಟ್ಟರೆ ನಾಳೆ ಮತ್ತೆ ಕೇಳ್ತಾರೆ, ಬಂದ ಮೆಸೇಜು ಒಂದನ್ನೂ ಅಳಿಸಬೇಡಿ, ಎಲ್ಲ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅಂದರು. ಪೇಜು ವಾಪಸು ಬರುತ್ತಾ ಅಂತ ಅತ್ತಿಗೆ ಕೇಳಿದರೆ, ಅದು ಕಂಪನಿಯವರನ್ನು ಕೇಳಬೇಕು ಅಂದರು.

ಕಂಪನಿಯವರನ್ನು ಕೇಳುವುದು ಎಲ್ಲಿ? ಮನುಷ್ಯ ಅನ್ನುವವನು ಒಬ್ಬನೂ ಇಲ್ಲ. ಸಹಾಯದ ಪುಟ ಇನ್ನೊಂದು ಸಹಾಯದ ಪುಟಕ್ಕೆ ಕಳಿಸುತ್ತದೆ, ಅದು ಮೊದಲನೆಯದಕ್ಕೇ ವಾಪಸು ಕಳಿಸುತ್ತದೆ. ನಿಮಗೆ ಇದರಿಂದ ಉಪಯೋಗ ಆಯಿತೇ ಅಂತ ಕೊನೆಯಲ್ಲಿ ಬೇರೆ ಕೇಳುತ್ತದೆ. ಕೊನೆಗೆ ಒಂದು ದಾರಿ ಕಂಡಿತು. ಮುಖದ ವಿಡಿಯೋ ತೆಗೆದು ಕಳಿಸಿ, ಪೇಜಿನಲ್ಲಿರುವ ಫೋಟೋಗಳ ಜೊತೆ ಹೋಲಿಸಿ ನೋಡ್ತೀವಿ ಅಂತ. ಅತ್ತಿಗೆ ಕಿಟಕಿಯ ಬೆಳಕಿಗೆ ನಿಂತು ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರು. ಕಳಿಸಿದೆವು. ಹೋಲಿಕೆಯಾಗಲಿಲ್ಲ ಅಂತ ಬಂತು. ಹೇಗೆ ಆಗುತ್ತೆ? ನಾಲ್ಕು ವರ್ಷದ ಆರುನೂರು ವಿಡಿಯೋದಲ್ಲಿ ಇರುವುದು ಬರೀ ಕೈ. ನನಗೆ ಫೋನು ಗೋಡೆಗೆ ಎಸೆಯೋಣ ಅನ್ನಿಸಿತು.

ಆ ಸಿಟ್ಟಿನಲ್ಲಿ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ನನ್ನ ಸ್ವಂತ ಅಕೌಂಟಿನಲ್ಲಿ, ನಮ್ಮ ಪೇಜು ಕಳ್ಳರ ಪಾಲಾಗಿದೆ, ಯಾರಾದರೂ ಸಹಾಯ ಮಾಡಿ ಅಂತ ಹಾಕಿದೆ. ಐದು ನಿಮಿಷಕ್ಕೆ ಏಳು ಜನ ಬಂದರು. ಒಬ್ಬ, ನನ್ನ ತಂಗಿಯದೂ ಹೀಗೇ ಆಗಿತ್ತು, ಒಂದೇ ಗಂಟೆಯಲ್ಲಿ ಬಿಡಿಸಿಕೊಟ್ಟೆ ಅಂದ. ಸಣ್ಣ ಫೀಸು, ಈ ಲಿಂಕಿಗೆ ಹಾಕಿ, ಆಮೇಲೆ ನಿಮಗೊಂದು ಕೋಡು ಬರುತ್ತೆ, ಅದನ್ನು ಹೇಳಿ ಅಂದ. ನಾನು ಲಿಂಕು ಒತ್ತಿ, ಮೊತ್ತ ಹಾಕಿ, ಇನ್ನೇನು ಪಿನ್ ಹಾಕಬೇಕು, ಅತ್ತಿಗೆ ನನ್ನ ಕೈ ಹಿಡಿದರು. ದುಡ್ಡು ಯಾರ ಹೆಸರಿಗೆ ಹೋಗ್ತಿದೆ ಓದು ಅಂದರು. ಓದಿದೆ. ಅವನು ಹೇಳಿದ ಹೆಸರಲ್ಲ, ಯಾವುದೋ ಟ್ರೇಡರ್ಸು. ವರ್ಷವಿಡೀ ಉಪದೇಶ ಮಾಡಿದ ಬಾಯಿ ಇದು. ಫೋನನ್ನು ಅತ್ತಿಗೆಯ ಕೈಗೇ ಕೊಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ನನಗೆ ಆ ಹಳೇ ಇಮೇಲ್ ನೆನಪಾಯಿತು. ಪೇಜಿನ ಇಮೇಲ್ ಯಾರಾದರೂ ಬದಲಾಯಿಸಿದರೆ ಹಳೆಯ ವಿಳಾಸಕ್ಕೆ ಒಂದು ಪತ್ರ ಬರುತ್ತದೆ, ಇದು ನೀವಲ್ಲದಿದ್ದರೆ ಇಲ್ಲಿ ಒತ್ತಿ ಅಂತ. ಪಾಸ್‌ವರ್ಡ್ ಮರೆತಿದ್ದೆ. ಹೊಸದು ಮಾಡೋಕೆ ಕೋಡು ಬೇಕು, ಕೋಡು ಹೋಗುವುದು ಅಣ್ಣನ ಫೋನಿಗೆ. ಫೋನು ಮಾಡಿದೆ. ಅಣ್ಣ ಓದಲಿಲ್ಲ. ನಾನು ಕಣೋ, ನಿನ್ನ ತಂಗಿ ಅಂದೆ. ಯಾರಾದರೂ ಆಗು, ಇನ್ನು ಈ ಜನ್ಮದಲ್ಲಿ ಫೋನಿನಲ್ಲಿ ಓದಲ್ಲ ಅಂದ. ಅರ್ಧ ದಿನ ರಜೆ ಹಾಕಿ, ಕೈಗೆ ಮೆತ್ತಿದ ಗ್ರೀಸಿನ ಸಮೇತ ಮನೆಗೆ ಬಂದು, ಫೋನನ್ನು ಟೇಬಲ್ ಮೇಲೆ ಇಟ್ಟ. ಅಷ್ಟರಲ್ಲಿ ಆ ಕೋಡಿನ ಅವಧಿ ಮುಗಿದಿತ್ತು. ಇನ್ನೊಂದು ತರಿಸಿಕೊಂಡೆವು. ಬೈಯೋಣ ಅಂತ ತಿರುಗಿದರೆ ಅವನ ಕಣ್ಣು ಕೆಂಪಗಿತ್ತು, ಅವನು ನಿದ್ದೆ ಮಾಡಿರಲಿಲ್ಲ.

ಪತ್ರ ಅಲ್ಲಿತ್ತು. ಕಂಪನಿಯ ನಿಜವಾದ ವಿಳಾಸದಿಂದಲೇ ಬಂದದ್ದಾ ಅಂತ ಒಂದೊಂದೇ ಅಕ್ಷರ ಓದಿ, ಆಮೇಲೆ ಒತ್ತಿದೆವು. ಹಳೇ ಇಮೇಲ್ ವಾಪಸು ಬಂತು, ಹೊಸ ಪಾಸ್‌ವರ್ಡ್ ಹಾಕಿದೆವು, ಎಲ್ಲ ಸಾಧನಗಳಿಂದಲೂ ಹೊರಗೆ ಹಾಕು ಅನ್ನುವುದನ್ನು ಒತ್ತಿದೆವು. ಕಳ್ಳರು ಸೇರಿಸಿದ್ದ ನಂಬರ್ ತೆಗೆದೆವು, ಅವರು ಜೋಡಿಸಿಕೊಂಡಿದ್ದ ಕೋಡಿನ ಆ್ಯಪನ್ನೂ ಕಿತ್ತೆವು. ಅತ್ತಿಗೆಯ ಸ್ವಂತ ಫೋನಿನಲ್ಲಿ ಕೋಡಿನ ಆ್ಯಪ್ ಹಾಕಿ, ಫೋನು ಕಳೆದರೆ ಬೇಕಾಗುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟೆವು. ಇಮೇಲಿಗೂ ಅದನ್ನೇ ಮಾಡಿದೆವು. ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದ ಕೆಲಸ ನಿಜವಾಗಿಯೂ ಹತ್ತೇ ನಿಮಿಷ ಹಿಡಿಯಿತು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಪೇಜು ಬಂತಲ್ಲ, ಬಿಡಿ, ಗಂಡಾಂತರ ಕಳೀತು ಅಂದ ಅಣ್ಣ. ಅತ್ತಿಗೆ ಮೆಸೇಜಿನ ಪೆಟ್ಟಿಗೆ ತೆಗೆದರು. ಕಳ್ಳರು ಒಂದೊಂದು ಮಾತುಕತೆಯನ್ನೂ ತೆರೆದು ನೋಡಿದ್ದರು. ಫೋಟೋಗಳನ್ನು ಇಳಿಸಿಕೊಂಡಿದ್ದಾರಾ, ಎಷ್ಟು, ಯಾರದ್ದು, ತಿಳಿಯೋ ದಾರಿಯೇ ಇಲ್ಲ. ಪೇಜಿನಲ್ಲಿ ಯಾವುದನ್ನೂ ಹಾಕಿರಲಿಲ್ಲ. ನಾಳೆ ಬೇರೆ ಎಲ್ಲಾದರೂ ಹಾಕಿದರೆ?

ನಾನು ಅಂದೆ, ಹಾಕಿಲ್ಲವಲ್ಲ, ಸುಮ್ಮನಿರೋಣ, ಹೇಳಿದರೆ ಗಿರಾಕಿಗಳೆಲ್ಲ ಓಡಿಹೋಗ್ತಾರೆ. ಅಣ್ಣನೂ ಅದನ್ನೇ ಅಂದ. ಅತ್ತಿಗೆ ಅಳತೆಯ ರಿಜಿಸ್ಟರ್ ತೆಗೆದರು. ಅದರಲ್ಲಿ ಪ್ರತಿ ಗಿರಾಕಿಯ ಅಳತೆಯ ಪಕ್ಕ ಫೋನ್ ನಂಬರ್ ಇತ್ತು.

"ಅವರ ಮೈ ಕಣೇ ಅದು, ನಮ್ಮ ಅಂಗಡಿ ಅಲ್ಲ," ಅಂದರು. "ಕಳ್ಳ ಹೇಳೋಕೆ ಮುಂಚೆ ನಾನು ಹೇಳಬೇಕು."

ಫೋಟೋ ಕಳಿಸಿದ್ದವರು ಎಪ್ಪತ್ತಮೂರು ಜನ. ಒಬ್ಬೊಬ್ಬರಿಗೂ ಅತ್ತಿಗೆಯೇ ಫೋನು ಮಾಡಿದರು, ಮೂರು ದಿನ. ನನ್ನ ತಪ್ಪಿನಿಂದ ನಿಮ್ಮ ಫೋಟೋ ಕಳ್ಳರ ಕೈಗೆ ಸಿಕ್ಕಿರಬಹುದು, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಈ ದೂರಿನ ನಂಬರ್ ಬರೆದುಕೊಳ್ಳಿ, ಆಸ್ಪತ್ರೆಯಲ್ಲಿದ್ದೀನಿ ಅಂತ ಬರೆದದ್ದು ನಾನಲ್ಲ. ಇದೇ ಮಾತು, ಎಪ್ಪತ್ತಮೂರು ಸಲ. ಕೆಲವರು ಬೈದರು. ಕೆಲವರು ಪಾಪ ಅಂದರು, ಅದು ಬೈಗುಳಕ್ಕಿಂತ ಕಷ್ಟವಾಯಿತು. ಇಬ್ಬರು ಆಗಲೇ ಆ ಲಿಂಕಿಗೆ ದುಡ್ಡು ಹಾಕಿದ್ದರು, ಅವರಿಗೆ ಅತ್ತಿಗೆ ತಮ್ಮ ಖಾತೆಯಿಂದ ಕಟ್ಟಿಕೊಟ್ಟರು. ಗಾಲಿಕುರ್ಚಿಯ ಒಬ್ಬ ಅಜ್ಜ ಮಾತ್ರ ನಕ್ಕುಬಿಟ್ಟ, ನನ್ನ ಬೆನ್ನು ನೋಡೋಕೆ ಕಳ್ಳನೇ ಬರಬೇಕಾಯ್ತಾ, ಮನೇಲಿ ಯಾರೂ ನೋಡಲ್ಲ ಅಂದ.

ಗಣಿತದ ಮೇಡಂಗೆ ಕೊನೆಯಲ್ಲಿ ಮಾಡಿದರು. ಧೈರ್ಯ ಬರಲಿಲ್ಲ ಅಂತ ನನ್ನ ಊಹೆ. ಶಾಲೆ ಬಿಟ್ಟ ಹೊತ್ತು, ಹಿಂದೆ ಮಕ್ಕಳ ಗಲಾಟೆ ನನಗೂ ಕೇಳುತ್ತಿತ್ತು. ಅತ್ತಿಗೆ ಹೇಳಿದರು. ಮಾದರಿಗೆ ಕಳಿಸಿದ್ದು ನಿಮ್ಮ ಫೋಟೋನೇ ಅಂತಲೂ ಹೇಳಿದರು, ಆಗಲೇ ನನಗೂ ಗೊತ್ತಾಗಿದ್ದು. ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು, ಮಕ್ಕಳ ಗಲಾಟೆ ದೂರವಾಯಿತು.

"ನಾನು ಕೇಳಿದ್ದೆ ನಿಮ್ಮನ್ನ," ಅಂದರು ಮೇಡಂ. "ಕಳಿಸೋಕೆ ಮುಂಚೆ ಕೇಳಿದ್ದೆ."

"ಕೇಳಿದ್ರಿ," ಅಂದರು ಅತ್ತಿಗೆ.

ಮೇಡಂ ಫೋನು ಇಟ್ಟರು. ಅತ್ತಿಗೆ ಪೆಟ್ಟಿಗೆಯಲ್ಲಿದ್ದ ಫೋಟೋಗಳನ್ನೆಲ್ಲ ಒಂದೊಂದಾಗಿ ಅಳಿಸಿದರು. ಸ್ಕ್ರೀನ್‌ಶಾಟುಗಳು, ಕಳ್ಳನ ಮೆಸೇಜುಗಳು ಆಗಲೇ ದಫೇದಾರರಿಗೆ ಹೋಗಿದ್ದವು. ಅಂದಿನಿಂದ ಯಾರಿಂದಲೂ ಫೋಟೋ ತರಿಸಿಕೊಳ್ಳುವುದಿಲ್ಲ. ಎಲ್ಲಿ ಟೇಪು ಹಿಡಿಯಬೇಕು ಅಂತ ತೋರಿಸುವ ಒಂದು ಚಿತ್ರ ಬರೆದಿದ್ದಾರೆ, ಗಿರಾಕಿಗಳು ಬರೀ ಅಂಕಿ ಕಳಿಸಿದರೆ ಸಾಕು. ಕೆಲಸ ದುಪ್ಪಟ್ಟು, ತಪ್ಪೂ ಆಗುತ್ತದೆ, ಎರಡೆರಡು ಸಲ ಕತ್ತರಿಸುತ್ತಾರೆ. ಯಾರಾದರೂ ಸ್ಕ್ರೀನ್ ತೋರಿಸಿ ಅಂದರೆ ಕಾಲ್ ಕಟ್. ಗಿರಾಕಿಗಳು ಅರ್ಧಕ್ಕಿಂತ ಹೆಚ್ಚು ಉಳಿದರು, ನನ್ನ ಊಹೆ ಸುಳ್ಳಾಯಿತು.

ಮೇಡಂರ ಕೋಟು ಅರ್ಧ ಆಗಿತ್ತು. ಅತ್ತಿಗೆ ಅದನ್ನು ಬಿಡಲಿಲ್ಲ. ಬೇರೆ ಆರ್ಡರುಗಳನ್ನು ಬದಿಗಿಟ್ಟು ನಾಲ್ಕು ದಿನ ಕೂತರು. ಆ ಪಕ್ಕಕ್ಕೆ ಒಳಗಿನಿಂದ ಒಂದು ಪದರ ಕೊಟ್ಟು, ಕೈಯೆತ್ತಿದರೂ ಎಳೆಯದ ಹಾಗೆ ಕಂಕುಳಿನ ತಿರುವನ್ನು ಮೂರು ಸಲ ಬದಲಾಯಿಸಿ, ಹಳೇ ಬೆಡ್‌ಶೀಟಿನಲ್ಲಿ ಹೊಲಿದು ನೋಡಿ, ಆಮೇಲೆ ಕಾಗದ ಕತ್ತರಿಸಿದರು. ನಾನು ಕಂಡ ಹಾಗೆ ಅವರ ಕೈಯಿಂದ ಬಂದ ಅತ್ಯುತ್ತಮ ಕಟಿಂಗ್ ಅದು. ಬಿಲ್ಲು ಹಾಕಲಿಲ್ಲ, ಚೀಟಿಯನ್ನೂ ಇಡಲಿಲ್ಲ. ನಾನೇ ವಿಳಾಸ ಬರೆದು ಅಂಚೆಗೆ ಹಾಕಿದೆ.

ಒಂಬತ್ತನೇ ದಿನಕ್ಕೆ ಕವರು ವಾಪಸು ಬಂತು. ಬಿಚ್ಚಿರಲಿಲ್ಲ. ತೆಗೆದುಕೊಳ್ಳಲು ಒಪ್ಪಲಿಲ್ಲ ಅಂತ ಅಂಚೆಯವರು ಬರೆದಿದ್ದರು. ನನಗೆ ತಡೆಯಲಾಗಲಿಲ್ಲ. ಕಳ್ಳರ ಮೇಲಿನ ಸಿಟ್ಟು, ಕಂಪನಿಯ ಮೇಲಿನ ಸಿಟ್ಟು, ಎಲ್ಲ ಆ ಮೇಡಂ ಮೇಲೆ ತಿರುಗಿತು. ಇಷ್ಟು ಮಾಡಿದ ಮೇಲೂ ಇಷ್ಟು ಜಂಬ ಯಾಕೆ, ಕಳ್ಳತನ ಮಾಡಿದ್ದು ನೀವಾ, ಅಂತ ಕೂಗಾಡಿದೆ.

ಅತ್ತಿಗೆ ಕವರನ್ನು ನನ್ನ ಕೈಯಿಂದ ತಗೊಂಡರು.

"ಅವರು ಮಾಡಿದ್ದು ಸರಿ ಕಣೇ," ಅಂದರು. "ಅವರ ಜಾಗದಲ್ಲಿ ನಾನಿದ್ರೂ ತಗೋತಿರ್ಲಿಲ್ಲ."

ಅವರು ರಿಜಿಸ್ಟರ್ ತೆಗೆದು, ಮೇಡಂರ ಅಳತೆ ಇದ್ದ ಹಾಳೆಯನ್ನು ಸ್ಕೇಲು ಹಿಡಿದು ಹರಿದರು, ಒಲೆಗೆ ಹಾಕಿದರು, ಪೂರ್ತಿ ಉರಿಯುವವರೆಗೂ ಅಲ್ಲೇ ನಿಂತಿದ್ದರು.